ಜಂಟಿ ಗೃಹಸಾಲ: ಯಾರ ಪಾಲು ಎಷ್ಟು?

ಗಂಡ ಹೆಂಡತಿ ಸೇರಿ ಪಡೆದ ಗೃಹಸಾಲ ಬ್ಯಾಂಕಿನ ಮಟ್ಟಿಗೆ ಒಂದೇ ಸಾಲ. ಕಂತು ತಪ್ಪಿದರೆ ಪೂರ್ತಿ ಬಾಕಿಯನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಅದು ಕೇಳಬಹುದು. ‘ನನ್ನದು ಅರ್ಧ ಮಾತ್ರ’ ಎಂಬ ಮಾತು ಅಲ್ಲಿ ನಡೆಯದು. ಪಾಲು ಮಾಡುವ ಪ್ರಶ್ನೆ ಬರುವುದು ಆದಾಯ ತೆರಿಗೆಯ ಲೆಕ್ಕದಲ್ಲಿ.

ತೆರಿಗೆ ವಿನಾಯಿತಿಗೆ ಸಾಲದ ಕಾಗದದಲ್ಲಿ ಹೆಸರಿದ್ದರೆ ಸಾಲದು, ಮನೆಯ ಕ್ರಯಪತ್ರದಲ್ಲೂ ಇರಬೇಕು. ಸಂಬಳ ಸೇರಿಸಿ ತೋರಿಸಿದರೆ ಹೆಚ್ಚು ಸಾಲ ಸಿಗುತ್ತದೆಂದು ಹೆಂಡತಿಯನ್ನು ಸಹಸಾಲಗಾರ್ತಿ ಮಾಡಿ, ನೋಂದಣಿಯನ್ನು ಮಾತ್ರ ಗಂಡನ ಹೆಸರಿನಲ್ಲಿ ಮಾಡಿಸುವುದುಂಟು. ಆಗ ಆಕೆ ಕಂತು ಕಟ್ಟಿದರೂ ವಿನಾಯಿತಿ ಸಿಗದು. ಒಡೆತನವಿದ್ದು ಸಾಲದಲ್ಲಿ ಹೆಸರಿಲ್ಲದಿದ್ದರೂ ಅಷ್ಟೇ.

ಬಡ್ಡಿಯನ್ನು ಸಾಮಾನ್ಯವಾಗಿ ಒಡೆತನದ ಪ್ರಮಾಣದಲ್ಲೇ ಹಂಚಬೇಕು. ಕ್ರಯಪತ್ರದಲ್ಲಿ ಶೇಕಡಾ 60 ಮತ್ತು 40 ಎಂದು ಬರೆಸಿದ್ದರೆ ಅದೇ ಪಾಲು. ಏನೂ ಬರೆಸಿರದೆ, ಯಾರು ಎಷ್ಟು ಹಣ ಹಾಕಿದರೆಂಬುದಕ್ಕೆ ದಾಖಲೆಯೂ ಇಲ್ಲದಿದ್ದರೆ ಸಮಪಾಲು ಎಂದೇ ಭಾವಿಸಲಾಗುತ್ತದೆ. ಯಾರಿಗೆ ತೆರಿಗೆ ಹೆಚ್ಚೋ ಅವರ ಕಡೆಗೆ ವರ್ಷವರ್ಷವೂ ಪಾಲನ್ನು ಸರಿಸುವಂತಿಲ್ಲ. ಆದ್ದರಿಂದ ಈ ಲೆಕ್ಕ ಹಾಕಬೇಕಾದ ಸಮಯ ನೋಂದಣಿಗೆ ಮುಂಚೆಯೇ.

60 ಲಕ್ಷ ರೂಪಾಯಿ ಸಾಲ, ಶೇಕಡಾ 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 52,070 ರೂಪಾಯಿ. ಮೊದಲ ವರ್ಷ ಕಟ್ಟಿದ ಹಣದಲ್ಲಿ ಸುಮಾರು 5,05,400 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಜಮೆಯಾಗುವುದು 1,19,400 ಮಾತ್ರ. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಒಬ್ಬರಿಗೆ 2 ಲಕ್ಷದವರೆಗೆ ಕಡಿತವಿದೆ. ಸಮಪಾಲಾದರೆ ತಲಾ 2,52,700 ಬಡ್ಡಿ ಬಂದು, ಇಬ್ಬರೂ ಮಿತಿಯನ್ನು ಮುಟ್ಟಿ ಒಟ್ಟು 4 ಲಕ್ಷ ಕಳೆಯಬಹುದು. 70:30 ಆದರೆ ದೊಡ್ಡ ಪಾಲಿನವರು 2 ಲಕ್ಷಕ್ಕೆ ನಿಲ್ಲುತ್ತಾರೆ, ಚಿಕ್ಕ ಪಾಲಿನವರಿಗೆ ಸಿಗುವುದು ಸುಮಾರು 1,51,600. ಅಲ್ಲಿಗೆ 48 ಸಾವಿರದಷ್ಟು ಕಡಿತ ಕೈತಪ್ಪಿತು. ಸಮಪಾಲಿನಲ್ಲಿ ಈ ಪೂರ್ತಿ ಲಾಭ ಎಂಟು ವರ್ಷ ನಡೆದು, ಒಂಬತ್ತನೆಯ ವರ್ಷ ಬಡ್ಡಿ 4 ಲಕ್ಷಕ್ಕಿಂತ ಕೆಳಗಿಳಿಯುತ್ತದೆ.

ಅಸಲಿನ ಲೆಕ್ಕವೇ ಬೇರೆ. ತಲಾ 59,700 ಬಂದರೂ ಅದು ಭವಿಷ್ಯನಿಧಿ, ಜೀವವಿಮೆಗಳ ಜೊತೆಗೇ 1.5 ಲಕ್ಷದ ಮಿತಿಯೊಳಗೆ ಸೇರಬೇಕು. ಗಂಡನ ಭವಿಷ್ಯನಿಧಿಯೇ ಆ ಮಿತಿಯನ್ನು ತುಂಬಿದ್ದರೆ ಅವನ ಪಾಲಿನ ಅಸಲಿನಿಂದ ಒಂದು ರೂಪಾಯಿಯೂ ಉಳಿಯದು. ಅಲ್ಲದೆ ಅಸಲಿನ ವಿನಾಯಿತಿ ನಿಜವಾಗಿ ಕಟ್ಟಿದವರಿಗೆ ಮಾತ್ರ. ಕಂತೆಲ್ಲ ಗಂಡನ ಖಾತೆಯಿಂದಲೇ ಹೋಗುತ್ತಿದ್ದರೆ ಹೆಂಡತಿ ತನ್ನ ಪಾಲನ್ನು ಪ್ರತಿ ತಿಂಗಳು ಆ ಖಾತೆಗೆ ಹಾಕಿ, ಪಾಸ್‌ಬುಕ್ಕಿನಲ್ಲಿ ಗುರುತು ಉಳಿಸುವುದು ಕ್ಷೇಮ. ಬ್ಯಾಂಕು ಕೊಡುವ ಬಡ್ಡಿ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ಒಟ್ಟು ಮೊತ್ತವಷ್ಟೇ ಇರುತ್ತದೆ. ಅದನ್ನೇ ಇಬ್ಬರೂ ಪೂರ್ತಿಯಾಗಿ ತೋರಿಸಿದರೆ ನೋಟಿಸು ಬರುವ ಸಂಭವವಿದೆ.

ಇಷ್ಟೆಲ್ಲ ಹಂಚಿದ ಮೇಲೂ ಒಂದು ತಾಳೆ ಬಾಕಿ. ಸ್ವಂತ ವಾಸದ ಮನೆಗೆ ಈ ಎರಡೂ ಕಡಿತಗಳು ಹೊಸ ತೆರಿಗೆ ಪದ್ಧತಿಯಲ್ಲಿಲ್ಲ. ಆದರೆ ಅಲ್ಲಿ ದರವೇ ಕಡಿಮೆ. 2025–26ನೇ ಹಣಕಾಸು ವರ್ಷದ ದರಗಳನ್ನು ಹಿಡಿದು ನೋಡಿದರೆ, 20 ಲಕ್ಷ ಸಂಬಳದ ಗಂಡ ಹಳೆಯ ಪದ್ಧತಿಯಲ್ಲಿ 2 ಲಕ್ಷ ಬಡ್ಡಿ, 1.5 ಲಕ್ಷ ಉಳಿತಾಯ, 50 ಸಾವಿರದ ಸಾಮಾನ್ಯ ಕಡಿತ ಎಲ್ಲವನ್ನೂ ಕಳೆದರೂ ಸೆಸ್ ಸೇರಿ 3,04,200 ಕಟ್ಟಬೇಕು. ಹೊಸ ಪದ್ಧತಿಯಲ್ಲಿ ಗೃಹಸಾಲದ ಮಾತೇ ಎತ್ತದೆ 1,92,400ಕ್ಕೆ ಮುಗಿಯುತ್ತದೆ. 9 ಲಕ್ಷ ಸಂಬಳದ ಹೆಂಡತಿಗೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಈ ದಂಪತಿಗೆ ಸಾಲದ ವಿನಾಯಿತಿ ಕಾಗದದ ಮೇಲಿನ ಲಾಭವಷ್ಟೇ. ಬೇರೆ ಊರಿನಲ್ಲಿ ಕೆಲಸವಿದ್ದು ಬಾಡಿಗೆ ಭತ್ಯೆಯಂಥ ದೊಡ್ಡ ಕಡಿತ ಇನ್ನೂ ಇದ್ದವರಿಗೆ ಮಾತ್ರ ಹಳೆಯದು ಗಿಟ್ಟೀತು.

ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಹೊಸ ಪದ್ಧತಿಯಲ್ಲೂ ಪಾಲಿಗೆ ಬೆಲೆಯಿದೆ. ತಿಂಗಳಿಗೆ 30 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 3.6 ಲಕ್ಷ, ಅದರಲ್ಲಿ ಶೇಕಡಾ 30 ಕಳೆದು ಉಳಿದದ್ದು ಸಮಪಾಲಿನಲ್ಲಿ ತಲಾ 1,26,000. ಇದರೆದುರು ತಲಾ 2,52,700 ಬಡ್ಡಿಯಿರುವುದರಿಂದ ಬಾಡಿಗೆಯ ಮೇಲೆ ಇಬ್ಬರಿಗೂ ತೆರಿಗೆಯಿಲ್ಲ. ಮಿಕ್ಕ ಬಡ್ಡಿಯನ್ನು ಸಂಬಳದಿಂದ ಕಳೆಯಲು ಮಾತ್ರ ಹೊಸ ಪದ್ಧತಿ ಬಿಡುವುದಿಲ್ಲ.