ಕೂದಲಂಚಿಗೆ ಮೆತ್ತಿದ ಬಿಳಿ ಹಿಟ್ಟು

ಶಿರಸಿಯ ಓದುಗರೊಬ್ಬರು ಎರಡು ಫೈಲು ಕಳಿಸಿ ಪ್ರಶ್ನೆ ಕೇಳಿದ್ದಾರೆ. ಮಗಳ ಮೊದಲ ಹುಟ್ಟುಹಬ್ಬದ ಕರೆಯೋಲೆಗೆಂದು ಮನೆಯ ಬಿಳಿ ಗೋಡೆಯ ಮುಂದೆ ಮೊಬೈಲಿನಲ್ಲಿ ಫೋಟೋ ತೆಗೆದರಂತೆ. ಗೋಡೆಯನ್ನು ಅಳಿಸಿ, ಮಗುವಿನ ಚಿತ್ರವನ್ನಷ್ಟೇ ಕಡುಗೆಂಪು ಹಿನ್ನೆಲೆಯ ಮೇಲೆ ಕೂರಿಸಿದರು. ಜಿಐಎಫ್ ಆಗಿ ಉಳಿಸಿದ್ದರಲ್ಲಿ ಕೆನ್ನೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿದೆ. ಪಿಎನ್‌ಜಿ ಆಗಿ ಉಳಿಸಿದ್ದರಲ್ಲಿ ಅಂಚು ನಯವಾಗಿದೆ, ಆದರೆ ಗುಂಗುರು ಕೂದಲ ಸುತ್ತ ಅಕ್ಕಿಹಿಟ್ಟು ಮೆತ್ತಿದ ಹಾಗೆ ಬಿಳಿ ಗೆರೆ. ಸಾಲದ್ದಕ್ಕೆ ಫೈಲಿನ ತೂಕ ಹದಿನೆಂಟು ಎಂಬಿ. ‘ಪಿಎನ್‌ಜಿ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂದಿದ್ದರು, ಏನು ತಪ್ಪಾಯಿತು?’ ಎಂಬುದು ಅವರ ಪ್ರಶ್ನೆ.

ಹಾಗೆ ಅಂದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೆಟ್ಟಿಲಿಗೆ ಕಾರಣ ಜಿಐಎಫ್ ಹೌದು. ಹಿಟ್ಟಿಗೆ ಕಾರಣ ಪಿಎನ್‌ಜಿ ಅಲ್ಲ, ಗೋಡೆ.

ಮೊದಲು ಮೆಟ್ಟಿಲು ನೋಡೋಣ. ಚಿತ್ರವೆಂದರೆ ಚೌಕುಳಿ ಹಾಳೆ, ಒಂದೊಂದು ಚೌಕಕ್ಕೂ ಒಂದೇ ಬಣ್ಣ. ಕೆನ್ನೆಯ ಬಾಗು ಚೌಕದ ಗೆರೆಗೆ ಸರಿಯಾಗಿ ಸಾಗುವುದಿಲ್ಲ, ಅದು ಎಷ್ಟೋ ಚೌಕಗಳನ್ನು ಓರೆಯಾಗಿ ಸೀಳುತ್ತದೆ. ಅಂಥ ಚೌಕದಲ್ಲಿ ಒಂದು ಪಾಲು ಕೆನ್ನೆ, ಉಳಿದದ್ದು ಗೋಡೆ. 1987ರಲ್ಲಿ ಬಂದ ಜಿಐಎಫ್‌ಗೆ ಈ ‘ಪಾಲು’ ಗೊತ್ತಿಲ್ಲ. ಅದರಲ್ಲಿ ಹೆಚ್ಚೆಂದರೆ 256 ಬಣ್ಣ, ಅವುಗಳಲ್ಲಿ ಒಂದನ್ನು ‘ಇದು ಕಾಣಬಾರದು’ ಎಂದು ಗುರುತಿಡಬಹುದು, ಅಷ್ಟೆ. ಚೌಕ ಇದ್ದರೆ ಪೂರ್ತಿ ಇದೆ, ಇಲ್ಲದಿದ್ದರೆ ಪೂರ್ತಿ ಇಲ್ಲ. ಹೀಗಾದಾಗ ಬಾಗು ಮೆಟ್ಟಿಲಾಗದೆ ಬೇರೆ ದಾರಿಯಿಲ್ಲ.

‘ಎಷ್ಟು ಪಾಲು’ ಎಂಬುದನ್ನು ಬಣ್ಣದ ಪಕ್ಕದಲ್ಲೇ ಬರೆದಿಡುವ ಉಪಾಯ ಹೊಳೆದದ್ದು 1977–78ರ ಸುಮಾರಿಗೆ, ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಅವರಿಗೆ. ಮುಂದೆ ಪಿಕ್ಸಾರ್ ಕಟ್ಟಿದವರಲ್ಲಿ ಇವರೂ ಇದ್ದರು. ಎರಡು ಚಿತ್ರಗಳನ್ನು ಬೆರೆಸುವ ಸೂತ್ರದಲ್ಲಿ ಪಾಲನ್ನು ಗ್ರೀಕ್ ಅಕ್ಷರ α ಸೂಚಿಸುತ್ತಿತ್ತು, ಹಾಗಾಗಿ ಇದಕ್ಕೆ ‘ಆಲ್ಫಾ’ ಎಂದೇ ಹೆಸರಾಯಿತು. ಅದು ಮನೆಮನೆಗೆ ಬಂದದ್ದು ಮಾತ್ರ ಒಂದು ಜಗಳದಿಂದ. ಜಿಐಎಫ್ ಒಳಗಿನ ಸಂಕೋಚನ ವಿಧಾನದ ಮೇಲೆ ಯೂನಿಸಿಸ್ ಕಂಪನಿಯ ಪೇಟೆಂಟ್ ಇತ್ತು. ಬಳಸುವ ತಂತ್ರಾಂಶಗಳು ಶುಲ್ಕ ಕೊಡಬೇಕೆಂಬ ಸುದ್ದಿ 1994ರ ಡಿಸೆಂಬರ್ ಕೊನೆಗೆ ಹೊರಬಿತ್ತು. ವಾರ ಕಳೆಯುವುದರೊಳಗೆ ಥಾಮಸ್ ಬೌಟೆಲ್ ಎಂಬಾತ ಪರ್ಯಾಯದ ಕರಡು ಮುಂದಿಟ್ಟರು. 1996ರ ಅಕ್ಟೋಬರಿನಲ್ಲಿ ಪಿಎನ್‌ಜಿ ಅಧಿಕೃತವಾಯಿತು. ಫೋಟೋಗೆ ಬಳಸುವ ಪಿಎನ್‌ಜಿಯಲ್ಲಿ ಚೌಕವೊಂದಕ್ಕೆ ಕೆಂಪು, ಹಸಿರು, ನೀಲಿಯ ಜೊತೆ ನಾಲ್ಕನೆಯ ಅಂಕಿಯಾಗಿ ಆಲ್ಫಾ ಇರುತ್ತದೆ. 0 ಎಂದರೆ ಪೂರ್ತಿ ಪಾರದರ್ಶಕ, 255 ಎಂದರೆ ಪೂರ್ತಿ ಗಟ್ಟಿ.

ಮೆಟ್ಟಿಲಿನ ಕಥೆ ಇಲ್ಲಿಗೆ ಮುಗಿಯಿತು. ಇನ್ನು ಹಿಟ್ಟಿನ ವಿಷಯಕ್ಕೆ ಒಂದು ಲೋಟ ಕಾಫಿ ಬೇಕು.

ಕೂದಲಂಚಿನ ಒಂದು ಚೌಕದಲ್ಲಿ ನೂರಕ್ಕೆ 40 ಪಾಲು ಕೂದಲು, 60 ಪಾಲು ಗೋಡೆ ಇದೆ ಎನ್ನಿ. ಕೂದಲು ಡಿಕಾಕ್ಷನ್, ಗೋಡೆ ಹಾಲು. ಕ್ಯಾಮೆರಾ ಎರಡನ್ನೂ ಬೇರೆಬೇರೆ ಲೋಟದಲ್ಲಿ ಕೊಡುವುದಿಲ್ಲ, ಬೆರೆಸಿಯೇ ಕೊಡುತ್ತದೆ. ಕಪ್ಪು ಕೂದಲಿನ ಹೊಳಪು 20, ಬಿಳಿ ಗೋಡೆಯದು 255 ಎಂದಿಟ್ಟುಕೊಂಡರೆ ಆ ಚೌಕದ ಬಣ್ಣ:

```
0.4 × 20 + 0.6 × 255 = 161
```

ಈಗ ನಮ್ಮ ತಂತ್ರಾಂಶ ಆಲ್ಫಾವನ್ನು ಸರಿಯಾಗಿಯೇ 40 ಪಾಲು ಎಂದು ಗುರುತಿಸಿತು. ಬಣ್ಣವನ್ನು ಮಾತ್ರ 161 ಎಂದೇ ಬಿಟ್ಟಿತು. ಅಂದರೆ ‘ಡಿಕಾಕ್ಷನ್’ ಎಂದು ಚೀಟಿ ಅಂಟಿಸಿದ ಲೋಟದಲ್ಲಿ ಇರುವುದು ಹಾಲು ಬೆರೆತ ಕಾಫಿ. ಕರೆಯೋಲೆಯ ಹಿನ್ನೆಲೆಯ ಹೊಳಪು 60 ಇದ್ದರೆ, ಅಲ್ಲಿ ಬರಬೇಕಾದದ್ದು 0.4 × 20 + 0.6 × 60, ಅಂದರೆ 44. ಬಂದದ್ದು 0.4 × 161 + 0.6 × 60, ಸುಮಾರು 100. ಕಪ್ಪು ಕೂದಲಿಗೂ ಕಡು ಹಿನ್ನೆಲೆಗೂ ನಡುವೆ ಇರಬೇಕಾದ ಚೌಕ ಎರಡಕ್ಕಿಂತಲೂ ಬೆಳ್ಳಗಾಗಿ ಕೂತಿದೆ. ಹಿಟ್ಟು ಎಂದು ನಮ್ಮ ಕಣ್ಣಿಗೆ ಕಾಣುವುದು ಇದೇ.

ಪರಿಹಾರವೂ ಇದೇ ಲೆಕ್ಕದಲ್ಲಿದೆ. ಹಾಲು ಎಷ್ಟು ಬಿಳಿ, ಎಷ್ಟು ಪಾಲು ಎಂದು ಗೊತ್ತಿದ್ದರೆ ಅದನ್ನು ಕಳೆದು ಡಿಕಾಕ್ಷನ್ ವಾಪಸು ಪಡೆಯಬಹುದು:

```
(161 − 0.6 × 255) ÷ 0.4 = 20
```

ಫೋಟೊಶಾಪಿನ `Select and Mask` ಒಳಗಿರುವ `Decontaminate Colors` ಮಾಡುವುದು ಇದಕ್ಕೆ ಹತ್ತಿರದ ಕೆಲಸವನ್ನೇ: ಅಂಚಿನಲ್ಲಿ ಉಳಿದ ಗೋಡೆಯ ಬಣ್ಣ ತೆಗೆದು ಕೂದಲ ಬಣ್ಣ ತುಂಬುತ್ತದೆ. ಬಿಟ್ಟಿ ಸಿಗುವ ಗಿಂಪ್‌ನಲ್ಲಿ `Color to Alpha` ಇದೆ, ಅದಕ್ಕೆ ಗೋಡೆಯ ಬಣ್ಣ ತೋರಿಸಬೇಕು. ಆದರೆ ಅಂಚಿನ ತೆಳು ಪಟ್ಟಿಯನ್ನಷ್ಟೇ ಆಯ್ದುಕೊಂಡು ನಡೆಸಿ. ಇಡೀ ಚಿತ್ರಕ್ಕೆ ನಡೆಸಿದರೆ ಮಗುವಿನ ಹಲ್ಲು, ಬಿಳಿ ಅಂಗಿ ಎಲ್ಲವೂ ತೂತು ಬೀಳುತ್ತವೆ. ಬಿಳಿ ಗೋಡೆಯ ಮುಂದೆ ನಿಂತ ಅಜ್ಜಿಯ ನರೆಗೂದಲಿಗೆ ಈ ಉಪಾಯ ನಡೆಯದು. ಹಾಲಿಗೆ ಹಾಲೇ ಬೆರೆತಿದ್ದರೆ ಕಳೆಯುವುದೇನನ್ನು? ಕಡು ಬಣ್ಣದ ಹಿನ್ನೆಲೆಯ ಕರೆಯೋಲೆ ಎಂದು ಮೊದಲೇ ಗೊತ್ತಿದ್ದರೆ, ಗೋಡೆಗೆ ಅದೇ ಛಾಯೆಯ ಸೀರೆಯೊಂದನ್ನು ಇಳಿಬಿಟ್ಟು ಫೋಟೋ ತೆಗೆಯುವುದು ಎಲ್ಲಕ್ಕಿಂತ ಸುಲಭ. ಆಗ ಬೆರೆತರೂ ಕಾಣುವುದಿಲ್ಲ.

ಇನ್ನೊಂದು ಮಾತು. ಅಂಚು ಶುದ್ಧವಾಯಿತೇ ಎಂದು ತಂತ್ರಾಂಶ ತೋರಿಸುವ ಬಿಳಿ–ಬೂದು ಚೌಕಳಿಯ ಮೇಲೆ ನೋಡಿ ತೀರ್ಮಾನಿಸಬೇಡಿ. ಬಿಳಿ ಹಿಟ್ಟು ಬಿಳಿ ಚೌಕಳಿಯಲ್ಲಿ ಅಡಗಿಕೊಳ್ಳುತ್ತದೆ. ಕೆಳಗೆ ಅಚ್ಚ ಕಪ್ಪು ಪದರವೊಂದನ್ನು ಹಾಸಿ, ಎರಡು ಪಟ್ಟು ಹಿಗ್ಗಿಸಿ ನೋಡಿ. ಆಮೇಲೆ ಆ ಪದರ ತೆಗೆದು ಉಳಿಸಿ.

ಇನ್ನು ಹದಿನೆಂಟು ಎಂಬಿ. ಮೊಬೈಲಿನ ಚಿತ್ರ 3000 × 4000 ಚೌಕ, ಚೌಕಕ್ಕೆ ನಾಲ್ಕು ಬೈಟ್, ಒಟ್ಟು 4.8 ಕೋಟಿ ಬೈಟ್. ಪಿಎನ್‌ಜಿ ಒಂದು ಚೂರನ್ನೂ ಬಿಸಾಡದೆ ಮಡಚಿಡುತ್ತದೆ. ಒಂದೇ ಬಣ್ಣದ ಲಾಂಛನ ಚೆನ್ನಾಗಿ ಮಡಚಿಕೊಳ್ಳುತ್ತದೆ, ಫೋಟೋದ ಮರಳುಮರಳು ಹಾಗೆ ಮಡಚಿಕೊಳ್ಳುವುದಿಲ್ಲ. ಇದರ ಮೇಲೆ ಓದುಗರ ಫೈಲಿನಲ್ಲಿ ಒಂದು ತಮಾಷೆಯೂ ಇತ್ತು. ಆಲ್ಫಾ ಸೊನ್ನೆಯಾದರೂ ಅದರಡಿಯ ಬಣ್ಣದ ಅಂಕಿಗಳು ಫೈಲಿನಲ್ಲಿ ಹಾಗೇ ಉಳಿಯಬಲ್ಲವು. ಆಲ್ಫಾವನ್ನು 255ಕ್ಕೆ ಏರಿಸಿ ನೋಡಿದೆ: ಅಳಿಸಿದ್ದ ಗೋಡೆ, ಅದರ ಮೇಲಿನ ಕ್ಯಾಲೆಂಡರು ಸಮೇತ ಎದ್ದುಬಂತು! ಕಾಣದ ಗೋಡೆಯೂ ಹೊರೆ, ಜೊತೆಗೆ ಯಾರಿಗೂ ತೋರಿಸಬಾರದ್ದೇನಾದರೂ ಅಲ್ಲಿದ್ದರೆ ಫಜೀತಿ ಬೇರೆ. ಗಿಂಪ್‌ನಲ್ಲಿ ಉಳಿಸುವಾಗ `Save color values from transparent pixels` ಎಂಬುದರ ಗುರುತು ತೆಗೆದರೆ ಗೋಡೆ ನಿಜಕ್ಕೂ ಹೋಗುತ್ತದೆ.

ಕರೆಯೋಲೆಯಲ್ಲಿ ಮಗುವಿಗಿರುವ ಜಾಗ ಎರಡು ಇಂಚು ಅಗಲ, ಮೂರು ಇಂಚು ಎತ್ತರ. ಮುದ್ರಣಕ್ಕೆ ಇಂಚಿಗೆ 300 ಚೌಕ ಸಾಕು, ಅಂದರೆ 600 × 900. ದೊಡ್ಡ ಚಿತ್ರದಲ್ಲೇ ಕತ್ತರಿಸಿ, ಅಂಚು ತೊಳೆದು, ಆಮೇಲೆ ಈ ಅಳತೆಗೆ ಇಳಿಸಬೇಕು. ಇಳಿಸುವಾಗ ಅಂಚು ಇನ್ನಷ್ಟು ನಯವಾಗುತ್ತದೆ. ಬೈಟುಗಳ ಲೆಕ್ಕ 21.6 ಲಕ್ಷಕ್ಕಿಳಿಯಿತು, ಮೊದಲಿನ ಇಪ್ಪತ್ತೆರಡನೇ ಒಂದು ಪಾಲು. ಮಡಚಿದ ಮೇಲೆ ಫೈಲು ಒಂದು ಎಂಬಿಯ ಒಳಗೇ ಬಂತು. ಕಾಗದಕ್ಕಲ್ಲದೆ ಜಾಲತಾಣಕ್ಕೆ ಬೇಕಿದ್ದರೆ ವೆಬ್‌ಪಿ ಇನ್ನೂ ಹಗುರ. ಅದು ಬಣ್ಣವನ್ನು ಜೆಪೆಗ್‌ನಂತೆ ಚೂರು ಬಿಟ್ಟುಕೊಟ್ಟು ಕುಗ್ಗಿಸುತ್ತದೆ, ಆಲ್ಫಾವನ್ನು ಮಾತ್ರ ಕೆಡಿಸದೆ ಇಡಬಲ್ಲದು:

```
cwebp -q 80 -alpha_q 100 magu.png -o magu.webp
```

ಜೆಪೆಗ್‌ನಲ್ಲಿ ಆಲ್ಫಾಗೆ ಜಾಗವೇ ಇಲ್ಲ. ಅದಕ್ಕೆ ಬದಲಾಯಿಸಿದ ಗಳಿಗೆಯಲ್ಲೇ ಪಾರದರ್ಶಕ ಜಾಗಕ್ಕೆ ಬಣ್ಣ ತುಂಬಿಕೊಳ್ಳುತ್ತದೆ. ಆಮೇಲೆ ಫೈಲಿನ ಬಾಲಕ್ಕೆ `.png` ಎಂದು ಹೆಸರು ಹಚ್ಚಿದರೆ ಹೋದದ್ದು ಬಾರದು. ಓದುಗರೇ, ಪ್ರೆಸ್ಸಿನವರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಇದು ನೆನಪಿರಲಿ: ಫೋಟೋ ಎಂದು ಕಳಿಸಿದರೆ ಅದು ಜೆಪೆಗ್ ಆಗಿ ಇಳಿಯುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಿ. ಇಲ್ಲದಿದ್ದರೆ ಇಷ್ಟು ಕಷ್ಟಪಟ್ಟು ತೆಗೆದ ಗೋಡೆಯನ್ನು ನೀವೇ ಮತ್ತೆ ಕಟ್ಟಿಕೊಟ್ಟಂತಾಗುತ್ತದೆ.