ಡೇಟಾ ಅಳಿದ ಮೇಲೆ ಕೂಡುವ ಮೀಟಿಂಗು

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಎಂಜಿನಿಯರ್ ಅಂದಿನ ಕೆಲಸ ಮುಗಿಸುವ ತಯಾರಿಯಲ್ಲಿದ್ದರು. ಅವರ ಊರಿನ ಗಡಿಯಾರದಲ್ಲಿ ಆಗಲೇ ರಾತ್ರಿ ಬಹಳವಾಗಿತ್ತು. ಅಷ್ಟರಲ್ಲಿ ಹೊಸ ತೊಂದರೆಯೊಂದು ಕಾಣಿಸಿಕೊಂಡು ಅವರು ಉಳಿದುಕೊಂಡರು. ಲಕ್ಷಾಂತರ ಪ್ರೋಗ್ರಾಮರುಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಜಾಲತಾಣ ಗಿಟ್‌ಲ್ಯಾಬ್‌ನದು. ಅದರ ಡೇಟಾಬೇಸಿಗೆ ಎರಡು ಸರ್ವರುಗಳಿದ್ದವು. ಒಂದು ಮುಖ್ಯ ಸರ್ವರು, ಇನ್ನೊಂದು ಅದರ ಪ್ರತಿಯನ್ನು ಸದಾ ಹಿಡಿದುಕೊಂಡಿರುವ ನಕಲು ಸರ್ವರು. ಅಂದು ಸಂಜೆಯಿಂದ ಸ್ಪ್ಯಾಮ್ ಹಾವಳಿಯಿಂದ ಒತ್ತಡ ಏರಿ ನಕಲು ಸರ್ವರು ಹಿಂದೆ ಬಿದ್ದಿತ್ತು. ಕೊನೆಗೆ ಅದರ ಪ್ರತಿ ಮಾಡುವ ಕೆಲಸವೇ ನಿಂತುಹೋಯಿತು. ಇನ್ನು ಅದನ್ನು ಖಾಲಿ ಮಾಡಿ ಮುಖ್ಯ ಸರ್ವರಿನಿಂದ ಹೊಸದಾಗಿ ಪ್ರತಿ ತೆಗೆಯುವುದೊಂದೇ ದಾರಿ.

ಆ ಕೆಲಸಕ್ಕೆ ಇರುವ `pg_basebackup` ಎಂಬ ಸಾಧನವನ್ನು ಚಾಲೂ ಮಾಡಿದರೆ ಅದು ಏನೂ ಹೇಳದೆ ಸುಮ್ಮನೆ ನಿಂತುಬಿಡುತ್ತಿತ್ತು. ಹಿಂದಿನ ಪ್ರಯತ್ನದಲ್ಲಿ ಉಳಿದ ಫೈಲುಗಳು ಅಡ್ಡ ಬರುತ್ತಿರಬಹುದು ಎಂದು ಎಂಜಿನಿಯರಿಗೆ ಅನ್ನಿಸಿತು. ನಕಲು ಸರ್ವರಿನ ಆ ಫೋಲ್ಡರನ್ನು `rm -rf` ಕೊಟ್ಟು ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಯಿತು: ಅವರ ಎದುರಿಗಿದ್ದ ಕಿಟಕಿ ನಕಲು ಸರ್ವರಿನದಲ್ಲ, ಮುಖ್ಯ ಸರ್ವರಿನದು. ತಕ್ಷಣ ನಿಲ್ಲಿಸಿದರು. ಆದರೆ 300 ಜಿಬಿಯಷ್ಟಿದ್ದ ಡೇಟಾದಲ್ಲಿ ಉಳಿದಿದ್ದು ನಾಲ್ಕೂವರೆ ಜಿಬಿ.

ಇಂಥದೊಂದು ಅನಾಹುತವಾದ ಮೇಲೆ ಬಹುತೇಕ ಸಪೋರ್ಟ್ ತಂಡಗಳಲ್ಲಿ ಏನಾಗುತ್ತದೆ ಎಂಬುದು ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೈಟ್ ಶಿಫ್ಟ್ ಮಾಡಿದವರಿಗೆಲ್ಲ ಗೊತ್ತು. ಬೆಳಗಾಗುವುದರೊಳಗೆ ಕ್ಲೈಂಟ್ ಕಡೆಯಿಂದ ಆರ್‌ಸಿಎ ಕೇಳಿ ಮೇಲ್ ಬಂದಿರುತ್ತದೆ. ಅಂದರೆ ಮೂಲ ಕಾರಣ ಏನೆಂದು ವರದಿ ಕೊಡಿ ಎಂಬ ಬೇಡಿಕೆ. ಮ್ಯಾನೇಜರು ಗಡಿಬಿಡಿಯಲ್ಲಿ ಕಾರಣದ ಜಾಗದಲ್ಲಿ ‘ಮಾನವ ದೋಷ’ ಎಂದು ತುಂಬುತ್ತಾರೆ. ಪರಿಹಾರದ ಜಾಗದಲ್ಲಿ, ಸಂಬಂಧಪಟ್ಟ ಉದ್ಯೋಗಿಗೆ ತಿಳಿವಳಿಕೆ ಹೇಳಲಾಗಿದೆ ಎಂದು ಬರೆಯುತ್ತಾರೆ. ಫೈಲು ಮುಚ್ಚುತ್ತದೆ. ಸರ್ವರುಗಳು ಮಾತ್ರ ಮೊದಲು ಹೇಗಿದ್ದವೋ ಹಾಗೆಯೇ ಇರುತ್ತವೆ.

ಇದಕ್ಕೆ ಬದಲಾಗಿ ದೂಷಣೆ ಇಲ್ಲದ ಪರಿಶೀಲನೆ ಎಂಬ ಪದ್ಧತಿ ಸಾಫ್ಟ್‌ವೇರ್ ಲೋಕದಲ್ಲಿ ಬೇರೂರಿದೆ. ಎಟ್ಸಿ ಕಂಪನಿಯಲ್ಲಿದ್ದ ಜಾನ್ ಆಲ್‌ಸ್ಪಾ 2012ರಲ್ಲಿ ಇದರ ಬಗ್ಗೆ ಬರೆದ ಲೇಖನ ಅದನ್ನು ಬಹಳ ತಂಡಗಳಿಗೆ ತಲುಪಿಸಿತು. ಅವರ ತರ್ಕ ಸರಳ. ಏನಾಯಿತು ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಆ ಆಜ್ಞೆ ಒತ್ತಿದವರಿಗೇ. ಶಿಕ್ಷೆಯ ಭಯವಿದ್ದರೆ ಅವರು ಅರ್ಧ ಹೇಳಿ ಅರ್ಧ ನುಂಗುತ್ತಾರೆ. ನುಂಗಿದ ಆ ಅರ್ಧದಲ್ಲೇ ಮುಂದಿನ ಔಟೇಜಿನ ಕಾರಣ ಕೂತಿರುತ್ತದೆ. ಗಿಟ್‌ಲ್ಯಾಬ್ ಹತ್ತು ದಿನಗಳ ನಂತರ ತನ್ನ ಪೂರ್ತಿ ವರದಿಯನ್ನು ಜಗತ್ತಿನ ಮುಂದಿಟ್ಟಿತು. ಅದರಲ್ಲಿ ಆ ಎಂಜಿನಿಯರಿಗೆ ಹೆಸರಿಲ್ಲ, ‘ತಂಡದ ಸದಸ್ಯ 1’ ಎಂದಷ್ಟೇ ಇದೆ. ಹೆಸರು ತೆಗೆದುಬಿಟ್ಟರೆ ಸಾಕೆಂದು ಯಾರೂ ತಿಳಿಯಬಾರದು. ಪರಿಶೀಲನೆಯ ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದಾಚೆಗೆ.

ಮೊದಲು ಬೇಕಾದದ್ದು ಸಮಯದ ಪಟ್ಟಿ. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಯಾವ ಎಚ್ಚರಿಕೆ ಬಂತು, ಯಾರು ಯಾವ ಆಜ್ಞೆ ಕೊಟ್ಟರು, ತೆರೆಯ ಮೇಲೆ ಏನು ಬಂತು ಎಂಬುದನ್ನು ಸರ್ವರಿನ ಲಾಗ್ ಮತ್ತು ತಂಡದ ಚಾಟ್ ನೋಡಿ ಬರೆಯಬೇಕು. ನೆನಪನ್ನು ನಂಬಿ ಬರೆಯಬಾರದು, ಏಕೆಂದರೆ ಪರಿಣಾಮ ಗೊತ್ತಾದ ಮೇಲೆ ನೆನಪು ತನ್ನಷ್ಟಕ್ಕೆ ತಾನೇ ತಿದ್ದಿಕೊಳ್ಳುತ್ತದೆ. ಮೀಟಿಂಗಿಗೆ ಮುಂಚೆ ಎಲ್ಲರೂ ಈ ಪಟ್ಟಿಯನ್ನು ಓದಿ ತಮಗೆ ಗೊತ್ತಿದ್ದದ್ದನ್ನು ಸೇರಿಸುತ್ತಾರೆ. ನಡೆಸಿಕೊಡುವವರು ಆ ರಾತ್ರಿ ಕೆಲಸದಲ್ಲಿ ಇಲ್ಲದವರಾಗಿರಬೇಕು. ಅಲ್ಲಿರುವವರ ಸಂಬಳ, ಬಡ್ತಿಯ ಮೇಲೆ ಅವರಿಗೆ ಅಧಿಕಾರವೂ ಇರಬಾರದು. ಎದುರಿಗೆ ಮ್ಯಾನೇಜರೇ ಕೂತು ಪ್ರಶ್ನೆ ಕೇಳಿದರೆ ಎಷ್ಟು ಮೃದುವಾಗಿ ಕೇಳಿದರೂ ಅದು ವಿಚಾರಣೆಯಂತೆಯೇ ಕೇಳಿಸುತ್ತದೆ.

ಆಮೇಲೆ ಪ್ರಶ್ನೆಗಳು. ‘ನೋಡಿಕೊಂಡು ಮಾಡಬೇಕಿತ್ತಲ್ಲ’ ಎಂಬ ಮಾತು ಬಂದ ಕೂಡಲೇ ನಡೆಸುವವರು ಅದನ್ನು ನಿಲ್ಲಿಸಬೇಕು. ಆ ವಾಕ್ಯ ನಡೆಯದೇ ಹೋದದ್ದನ್ನು ಹೇಳುತ್ತದೆಯೇ ಹೊರತು ನಡೆದದ್ದನ್ನು ಹೇಳುವುದಿಲ್ಲ. ಕೇಳಬೇಕಾದ್ದು ಬೇರೆ. ಆಗ ನಿಮ್ಮ ತೆರೆಯ ಮೇಲೆ ಏನಿತ್ತು? ಆ ಆಜ್ಞೆ ಕೊಟ್ಟರೆ ಏನಾಗುತ್ತದೆ ಎಂದುಕೊಂಡಿದ್ದಿರಿ? ಹಿಂದೆ ಇಂಥ ಕೆಲಸ ಮಾಡಿದಾಗ ಏನಾಗಿತ್ತು? ಹೀಗೆ ಕೇಳಿದಾಗ, ಆ ಹೊತ್ತಿನಲ್ಲಿ ಆ ಕೆಲಸ ಸರಿ ಎಂದು ಏಕೆ ಕಂಡಿತು ಎಂಬುದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಗಿಟ್‌ಲ್ಯಾಬ್ ಪ್ರಕರಣವನ್ನೇ ಹಾಗೆ ಬಿಚ್ಚಿ ನೋಡೋಣ. ಎಂಜಿನಿಯರ್ ಏಕೆ ಅಳಿಸಲು ಹೋದರು? ಪ್ರತಿ ತೆಗೆಯುವ ಸಾಧನ ಕೆಟ್ಟು ನಿಂತಿದೆ ಎಂದು ಕಂಡಿದ್ದರಿಂದ. ನಿಜಕ್ಕೂ ಕೆಟ್ಟಿತ್ತೇ? ಇಲ್ಲ. ಮುಖ್ಯ ಸರ್ವರು ಡೇಟಾ ಕಳಿಸಲು ಶುರು ಮಾಡುವವರೆಗೂ ಅದು ಮೌನವಾಗಿ ಕಾಯುತ್ತದೆ. ಅದರ ಸ್ವಭಾವವೇ ಅದು. ಈ ಸಂಗತಿ ತಂಡದ ಇನ್ನೊಬ್ಬ ಎಂಜಿನಿಯರಿಗೆ ಮೊದಲೇ ಅನುಭವಕ್ಕೆ ಬಂದಿತ್ತು. ಆದರೆ ತಂಡದ ಕೈಪಿಡಿಯಲ್ಲಿ ಅದು ಬರೆದಿರಲಿಲ್ಲ. ಹಾಗಾದರೆ ಬೇರೆ ಸರ್ವರಿನಲ್ಲಿ ಅಳಿಸಿದ್ದು ಹೇಗೆ? ಎರಡು ಸರ್ವರಿನ ಹೆಸರು ನೋಡಿ:

```
db1.cluster.gitlab.com
db2.cluster.gitlab.com
```

ಎರಡಕ್ಕೂ ಒಂದು ಅಂಕಿಯ ವ್ಯತ್ಯಾಸ. ನಡುರಾತ್ರಿಯ ಹೊತ್ತಿಗೆ, ತಾಸುಗಟ್ಟಲೆ ಹೆಣಗಿದ ಕಣ್ಣಿಗೆ, ಒಂದೇ ಥರ ಕಾಣುವ ಎರಡು ಕಿಟಕಿಗಳು. ‘ಎಚ್ಚರಿಕೆ ವಹಿಸಬೇಕು’ ಎಂಬ ಸಲಹೆಗೂ ‘ಪ್ರತಿ ಸರ್ವರಿನ ಕಿಟಕಿಯೂ ಯಾವುದೆಂದು ಕಣ್ಣಿಗೆ ಹೊಡೆಯುವಂತೆ ಅದರ ಪ್ರಾಂಪ್ಟನ್ನು ಬದಲಿಸಬೇಕು’ ಎಂಬ ನಿರ್ಧಾರಕ್ಕೂ ಇರುವ ಅಂತರ ಇಲ್ಲಿ ಗೊತ್ತಾಗುತ್ತದೆ. ಮೊದಲನೆಯದು ಆ ಒಬ್ಬ ಎಂಜಿನಿಯರಿಗೆ ಕೆಲವು ವಾರ ನೆನಪಿರುತ್ತದೆ. ಎರಡನೆಯದು ನಾಳೆ ಕೆಲಸಕ್ಕೆ ಸೇರುವ ಹೊಸಬರನ್ನೂ ಕಾಯುತ್ತದೆ. ಗಿಟ್‌ಲ್ಯಾಬ್ ತನ್ನ ಕೆಲಸದ ಪಟ್ಟಿಗೆ ಸೇರಿಸಿಕೊಂಡಿದ್ದು ಎರಡನೆಯದನ್ನು.

ಇಷ್ಟಾದರೂ ದೊಡ್ಡ ಪ್ರಶ್ನೆ ಬಾಕಿ ಇದೆ. ಡೇಟಾ ಅಳಿಯಿತು ಸರಿ, ಬ್ಯಾಕಪ್ ಎಲ್ಲಿ? ಇಲ್ಲಿಗೆ ಬಂದಾಗ ಪರಿಶೀಲನೆ ಆ ಒಬ್ಬ ವ್ಯಕ್ತಿಯನ್ನು ದಾಟಿ ಇಡೀ ಕಂಪನಿಯ ಮೇಲೆ ಬೆಳಕು ಬಿಡುತ್ತದೆ. ದಿನಕ್ಕೊಮ್ಮೆ ಡೇಟಾಬೇಸಿನ ಪ್ರತಿ ತೆಗೆದು ಅಮೆಜಾನ್‌ನ ಎಸ್3 ಸಂಗ್ರಹಕ್ಕೆ ಹಾಕುವ ಏರ್ಪಾಡು ಇತ್ತು. ಆ ರಾತ್ರಿ ಹೋಗಿ ನೋಡಿದರೆ ಸಂಗ್ರಹ ಖಾಲಿ. ಡೇಟಾಬೇಸ್ ಓಡುತ್ತಿದ್ದದ್ದು ಪೋಸ್ಟ್‌ಗ್ರೆಸ್ 9.6 ಆವೃತ್ತಿಯಲ್ಲಿ. ಬ್ಯಾಕಪ್ ತೆಗೆಯುವ ಸಾಧನ 9.2ರದು. ಆವೃತ್ತಿ ಹೊಂದದ್ದರಿಂದ ಅದು ಪ್ರತಿ ಸಲವೂ ಕೈಕೊಡುತ್ತಿತ್ತು. ಕೈಕೊಟ್ಟಾಗ ಯಾರಿಗೂ ತಿಳಿಯಲಿಲ್ಲವೇ? ಪ್ರತಿ ಸಲವೂ ಎಚ್ಚರಿಕೆಯ ಇಮೇಲ್ ಹೊರಡುತ್ತಿತ್ತು. ಆ ಮೇಲ್‌ಗಳಿಗೆ ಸರಿಯಾದ ಡಿಜಿಟಲ್ ಸಹಿ ಇರಲಿಲ್ಲ. ಹಾಗಾಗಿ ನಕಲಿ ಮೇಲ್ ತಡೆಯಲು ಇದ್ದ ಡಿಮಾರ್ಕ್ ಎಂಬ ಕಾವಲು ಅವುಗಳನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಬ್ಯಾಕಪ್ ಇಲ್ಲ, ಇಲ್ಲ ಎಂಬ ಸುದ್ದಿಯೂ ಇಲ್ಲ. ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆಯುವ ಸೌಲಭ್ಯ ಫೈಲ್ ಸರ್ವರುಗಳಿಗೆ ಮಾತ್ರ ಚಾಲೂ ಇತ್ತು, ಡೇಟಾಬೇಸ್ ಸರ್ವರುಗಳಿಗೆ ಇರಲಿಲ್ಲ.

‘ಅಳಿಸಿದವರು ಯಾರು’ ಎಂದು ಹುಡುಕಿ ಅಲ್ಲಿಗೇ ನಿಂತಿದ್ದರೆ ಇದ್ಯಾವುದೂ ವರದಿಗೆ ಬರುತ್ತಿರಲಿಲ್ಲ. ಡಿಸ್ಕ್ ಸುಟ್ಟಿದ್ದರೂ, ಕಳ್ಳರು ನುಗ್ಗಿದ್ದರೂ ಕಂಪನಿ ಇದೇ ಗತಿಗೆ ಬರುತ್ತಿತ್ತು.

ಕಂಪನಿಯನ್ನು ಕಾಪಾಡಿದ್ದು ಒಂದು ಕಾಕತಾಳೀಯ. ಅನಾಹುತಕ್ಕೆ ಸುಮಾರು ಆರು ಗಂಟೆ ಮುಂಚೆ, ಪರೀಕ್ಷಾ ಸರ್ವರಿನಲ್ಲಿ ಬೇರೊಂದು ಪ್ರಯೋಗಕ್ಕೆ ತಾಜಾ ಡೇಟಾ ಬೇಕೆಂದು ಡೇಟಾಬೇಸಿನ ಒಂದು ಸ್ನ್ಯಾಪ್‌ಶಾಟನ್ನು ಕೈಯಾರೆ ತೆಗೆದಿದ್ದರು. ತೆಗೆದವರು ಅದೇ ‘ಸದಸ್ಯ 1’. ಪರೀಕ್ಷಾ ಸರ್ವರಿನ ಡಿಸ್ಕ್ ನಿಧಾನದ್ದಾಗಿದ್ದರಿಂದ ಡೇಟಾ ವಾಪಸು ತರುವಷ್ಟರಲ್ಲಿ ಮರುದಿನ ಸಂಜೆಯಾಯಿತು. ನಡುವಿನ ಆರು ಗಂಟೆಗಳಲ್ಲಿ ಬಳಕೆದಾರರು ಸೇರಿಸಿದ್ದ ಸುಮಾರು 5,000 ಪ್ರಾಜೆಕ್ಟ್‌ಗಳು, 5,000 ಪ್ರತಿಕ್ರಿಯೆಗಳು ಮತ್ತು 700 ಹೊಸ ಖಾತೆಗಳ ಮಾಹಿತಿ ಹೋಯಿತು. ಕೋಡ್ ಬೇರೆ ಕಡೆ ಇದ್ದದ್ದರಿಂದ ಉಳಿಯಿತು. ಒಳ್ಳೆಯ ಪರಿಶೀಲನೆಯಲ್ಲಿ ಅದೃಷ್ಟದಿಂದ ಉಳಿದದ್ದನ್ನೂ ಬರೆಯಬೇಕು. ಇಲ್ಲದಿದ್ದರೆ ಆರು ಗಂಟೆಯ ನಷ್ಟವೇ ತಮ್ಮ ವ್ಯವಸ್ಥೆಯ ಸಾಮರ್ಥ್ಯ ಎಂದು ಓದಿದವರು ತಿಳಿಯುತ್ತಾರೆ. ಆ ಸ್ನ್ಯಾಪ್‌ಶಾಟ್ ಇಲ್ಲದಿದ್ದರೆ ನಷ್ಟ ಇಪ್ಪತ್ತನಾಲ್ಕು ಗಂಟೆಯವರೆಗೂ ಹೋಗಬಹುದಿತ್ತು.

ಅದೇ ವರ್ಷ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸೇವೆಯೇ ಕೆಲವು ಗಂಟೆ ನಿಂತಿತು. ಕೈಪಿಡಿಯ ಪ್ರಕಾರವೇ ಕೆಲಸ ಮಾಡುತ್ತಿದ್ದ, ಅಧಿಕಾರವೂ ಇದ್ದ ಉದ್ಯೋಗಿಯೊಬ್ಬರು ಆಜ್ಞೆಯಲ್ಲಿ ಒಂದು ಅಂಶವನ್ನು ತಪ್ಪಾಗಿ ಕೊಟ್ಟದ್ದರಿಂದ ಬೇಕಾದ್ದಕ್ಕಿಂತ ಹೆಚ್ಚು ಸರ್ವರುಗಳು ಕಳಚಿಕೊಂಡವು. ಅಮೆಜಾನ್ ಬದಲಿಸಿದ್ದು ಆ ಸಾಧನವನ್ನು. ಇನ್ನು ಮುಂದೆ ಅದು ಸರ್ವರುಗಳನ್ನು ನಿಧಾನವಾಗಿ ಮಾತ್ರ ತೆಗೆಯುತ್ತದೆ. ಕನಿಷ್ಠ ಮಿತಿಗಿಂತ ಕೆಳಗೆ ಇಳಿಯುವಂತಿದ್ದರೆ ಆಜ್ಞೆಯನ್ನೇ ಒಪ್ಪುವುದಿಲ್ಲ.

ಈ ಪದ್ಧತಿಗೂ ಮಿತಿಗಳಿವೆ. ಬೇಕೆಂದೇ ಡೇಟಾ ಕದ್ದವರ, ಲಾಗ್ ತಿದ್ದಿದವರ ವಿಷಯ ಈ ಮೀಟಿಂಗಿಗೆ ಸೇರಿದ್ದಲ್ಲ, ಅದಕ್ಕೆ ಬೇರೆ ದಾರಿ ಇದೆ. ದೂಷಣೆ ಇಲ್ಲ ಎಂದರೆ ಹೊಣೆ ಇಲ್ಲ ಎಂದೂ ಅಲ್ಲ. ನಡೆದದ್ದನ್ನು ಪೂರ್ತಿ ಹೇಳುವುದು ಮತ್ತು ದುರಸ್ತಿಯ ಕೆಲಸಕ್ಕೆ ಕೈಹಾಕುವುದು ಎಲ್ಲರ ಹೊಣೆ. ಪದ್ಧತಿ ಹೆಸರಿಗೆ ಮಾತ್ರ ಉಳಿದಿದೆ ಎಂದು ಕಂಡುಹಿಡಿಯುವುದೂ ಕಷ್ಟವಲ್ಲ. ವರದಿಯಲ್ಲಿ ‘ತರಬೇತಿ ನೀಡಲಾಗುವುದು’ ಎಂಬ ವಾಕ್ಯ ಪದೇ ಪದೇ ಬರುತ್ತಿದ್ದರೆ, ಮೀಟಿಂಗಿನಲ್ಲಿ ಆಡಿದ ಮಾತು ವರ್ಷದ ಅಪ್ರೈಸಲ್‌ನಲ್ಲಿ ಮತ್ತೆ ಕಿವಿಗೆ ಬಿದ್ದರೆ, ಆ ತಂಡದಲ್ಲಿ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಸರ್ವಿಸ್ ಕಂಪನಿಗಳಲ್ಲಿ ಕ್ಲೈಂಟಿಗೆ ಕಳಿಸುವ ಪತ್ರವನ್ನೂ ಒಳಗಿನ ಪರಿಶೀಲನೆಯ ದಾಖಲೆಯನ್ನೂ ಬೇರೆ ಬೇರೆ ಇಡುವುದು ಲೇಸು. ಕ್ಲೈಂಟ್ ಕೊಟ್ಟ ಗಡುವು ಒಂದೆರಡು ದಿನದ್ದು, ನಿಜವಾದ ಪರಿಶೀಲನೆಗೆ ಅಷ್ಟು ಸಾಲುವುದಿಲ್ಲ.

ಕೊನೆಗೆ ಉಳಿಯುವುದು ಕೆಲಸದ ಪಟ್ಟಿ. ಬಹುತೇಕ ಪರಿಶೀಲನೆಗಳು ಸೋಲುವುದು ಇಲ್ಲೇ. ಮೀಟಿಂಗಿನ ಬಿಸಿಯಲ್ಲಿ ಇಪ್ಪತ್ತು ಕೆಲಸ ಬರೆದುಕೊಳ್ಳುತ್ತಾರೆ, ಮುಂದಿನ ವಾರ ಹೊಸ ಟಿಕೆಟ್‌ಗಳು ಬಂದು ಅವನ್ನೆಲ್ಲ ಹೂತುಹಾಕುತ್ತವೆ. ನಾಲ್ಕೈದು ಕೆಲಸ ಆರಿಸಿ, ಪ್ರತಿಯೊಂದಕ್ಕೂ ಒಬ್ಬರ ಹೆಸರು ಮತ್ತು ಒಂದು ತಾರೀಖು ಬರೆದು, ಮಾಮೂಲಿ ಟಿಕೆಟ್‌ಗಳ ಜೊತೆಗೇ ಸಾಲಿನಲ್ಲಿ ನಿಲ್ಲಿಸಬೇಕು. ಹೆಸರು ಬರೆಯಬೇಕಾದ ಜಾಗ ಇದೊಂದೇ. ಗಿಟ್‌ಲ್ಯಾಬ್ ತನ್ನ ಪಟ್ಟಿಯಲ್ಲಿ ಡೇಟಾ ಉಳಿಸುವ ಹೊಣೆಗೆ ಒಬ್ಬರನ್ನು ನೇಮಿಸುವುದನ್ನೂ, ಬ್ಯಾಕಪ್ಪಿನಿಂದ ಡೇಟಾ ವಾಪಸು ಬರುತ್ತದೆಯೇ ಎಂದು ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆಯನ್ನೂ ಸೇರಿಸಿತು. ಇಂಥ ಟಿಕೆಟ್ಟನ್ನು ‘ಬ್ಯಾಕಪ್ ಚಾಲೂ ಇದೆ’ ಎಂಬ ಉತ್ತರ ಕೇಳಿ ಮುಚ್ಚಬಾರದು. ಬೇರೊಂದು ಸರ್ವರಿನಲ್ಲಿ ಆ ಪ್ರತಿಯನ್ನು ಬಿಚ್ಚಿ, ನಿನ್ನೆ ರಾತ್ರಿ ಸೇರಿದ ದಾಖಲೆ ಅದರಲ್ಲಿ ಇದೆ ಎಂದು ಒಬ್ಬರು ಕಣ್ಣಾರೆ ನೋಡಿ, ಬಿಚ್ಚಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಬರೆದ ಮೇಲೆ ಮುಚ್ಚಬೇಕು.