ಪೆಲ್ಲಾಗ್ರದ ಎದುರಿಗೆ ಏನು ಬರೆಯಬೇಕು?

ಆಹಾರದ ಕುರಿತ ರಸಪ್ರಶ್ನೆಯಲ್ಲಿ ‘ಹೊಂದಿಸಿ ಬರೆಯಿರಿ’ ಭಾಗ ಬಂದಾಗ ಕೆಲವು ಜೋಡಿಗಳು ಥಟ್ಟನೆ ಹೊಳೆಯುತ್ತವೆ. ಸ್ಕರ್ವಿಗೆ ನೆಲ್ಲಿಕಾಯಿ, ಇರುಳುಗಣ್ಣಿಗೆ ನುಗ್ಗೆಸೊಪ್ಪು, ಗಳಗಂಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು. ತೊಡಕಿರುವುದು ಪೆಲ್ಲಾಗ್ರದಲ್ಲಿ. ಇದು ನಿಯಾಸಿನ್, ಅಂದರೆ ಬಿ3 ಜೀವಸತ್ವದ ಕೊರತೆಯ ರೋಗ. ಇದರ ಎದುರಿಗೆ ‘ಧಾನ್ಯಗಳು’ ಎಂದಷ್ಟೇ ಬರೆದರೆ ಉತ್ತರ ದಾರಿ ತಪ್ಪಿಸುತ್ತದೆ, ಏಕೆಂದರೆ ಈ ರೋಗ ಹಬ್ಬಿದ್ದೇ ಮೆಕ್ಕೆಜೋಳವನ್ನು ನೆಚ್ಚಿ ಬದುಕಿದ ಬಡವರಲ್ಲಿ.

1914ರಲ್ಲಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಈ ರೋಗದ ಬೆನ್ನು ಹತ್ತಿ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಹೋದರು. ಅದು ಸೋಂಕು ಎಂದೇ ಆಗ ಹಲವರು ನಂಬಿದ್ದರು. ಆದರೆ ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಪೆಲ್ಲಾಗ್ರ ಬರುತ್ತಿತ್ತು, ಅವರ ಜೊತೆಯಲ್ಲೇ ಇದ್ದ ಸಿಬ್ಬಂದಿಗೆ ಬರುತ್ತಿರಲಿಲ್ಲ. ಸೋಂಕಾಗಿದ್ದರೆ ಇಬ್ಬರಿಗೂ ಬರಬೇಕಿತ್ತು. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ಹಾಲು, ಮಾಂಸ, ಮೊಟ್ಟೆ ಕೊಟ್ಟಾಗ ರೋಗ ಇಳಿಯಿತು. ಮರುವರ್ಷ ಮಿಸಿಸಿಪ್ಪಿಯ ಸೆರೆಮನೆಯೊಂದರಲ್ಲಿ ಬಿಡುಗಡೆಯ ಭರವಸೆ ಪಡೆದು ಒಪ್ಪಿಕೊಂಡ ಕೈದಿಗಳಿಗೆ ಮೆಕ್ಕೆಜೋಳವೇ ಮುಖ್ಯವಾದ ಊಟ ಬಡಿಸಿದಾಗ, ಕೆಲವು ತಿಂಗಳಲ್ಲಿ ಅವರಲ್ಲಿ ಆರು ಮಂದಿಗೆ ಚರ್ಮದ ಲಕ್ಷಣ ಕಾಣಿಸಿತು. ಕೊರತೆಯಾದ ವಸ್ತು ನಿಯಾಸಿನ್ ಎಂದು ತಿಳಿದದ್ದು ಮಾತ್ರ 1937ರಲ್ಲಿ.

ಮೆಕ್ಕೆಜೋಳದಲ್ಲಿ ನಿಯಾಸಿನ್ ಇಲ್ಲವೇ ಇಲ್ಲ ಎಂದಲ್ಲ. ಅದು ಬೇರೆ ಪದಾರ್ಥಗಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳಲಾರದು. ಮೆಕ್ಸಿಕೊದವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಈ ಬಂಧವನ್ನು ಸಡಿಲಿಸುತ್ತಿದ್ದರು. ಕಾಳು ಬೇರೆ ದೇಶಗಳಿಗೆ ಹೋಯಿತು, ಬೇಯಿಸುವ ಆ ಪದ್ಧತಿ ಜೊತೆಗೆ ಹೋಗಲಿಲ್ಲ.

ಹಾಲಿನದು ಇದಕ್ಕೆ ತದ್ವಿರುದ್ಧ. ಅದರಲ್ಲಿ ನಿಯಾಸಿನ್ ತೀರಾ ಕಡಿಮೆ, ಆದರೂ ಅದು ರೋಗ ತಡೆಯುತ್ತದೆ. ಹಾಲಿನ ಪ್ರೋಟೀನಿನಲ್ಲಿರುವ ಟ್ರಿಪ್ಟೋಫಾನ್‌ನಿಂದ ನಮ್ಮ ದೇಹ ನಿಯಾಸಿನ್ ತಯಾರಿಸಿಕೊಳ್ಳುತ್ತದೆ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೋಫಾನ್‌ಗೆ 1 ಮಿಲಿಗ್ರಾಂ ಲೆಕ್ಕ. ಮೆಕ್ಕೆಜೋಳದಲ್ಲಿ ಇದೂ ಕಡಿಮೆ.

ನಮ್ಮ ದಖ್ಖನ್ ಸೀಮೆಯಲ್ಲೂ ಬಿಳಿಜೋಳವನ್ನೇ ಉಣ್ಣುವ ಬಡವರಲ್ಲಿ ಪೆಲ್ಲಾಗ್ರ ಕಾಣುತ್ತಿತ್ತು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಇದಕ್ಕೆ ಕಾರಣ ಎಂದು 1960ರಲ್ಲಿ ಹೈದರಾಬಾದಿನ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ ವಾದಿಸಿದರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಹಾಗೆಂದು ಜೋಳದ ರೊಟ್ಟಿಯನ್ನು ದೂರಬೇಕಾಗಿಲ್ಲ. ರೊಟ್ಟಿಯ ಮಗ್ಗುಲಲ್ಲಿ ಏನೂ ಇಲ್ಲದಿರುವುದೇ ಅಪಾಯ. ಉತ್ತರ ಕರ್ನಾಟಕದ ತಾಟಿನಲ್ಲಿ ಶೇಂಗಾ ಚಟ್ನಿಪುಡಿ, ಕಾಳುಪಲ್ಯ, ಮೊಸರು ಜೊತೆಗಿರುತ್ತವೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಿಯಾಸಿನ್ ಇರುತ್ತದೆ. ಆದ್ದರಿಂದ ಪೆಲ್ಲಾಗ್ರದ ಎದುರಿಗೆ ನಾನು ಬರೆಯುವ ಉತ್ತರ ಶೇಂಗಾ.

ರೋಗದ ಗುರುತೂ ಪ್ರಶ್ನೆಯಾಗಿ ಬರಬಹುದು. ಬಿಸಿಲು ಬೀಳುವ ಕೈ, ಪಾದ, ಕುತ್ತಿಗೆಯಲ್ಲಿ ಚರ್ಮ ಕಪ್ಪಾಗಿ ಒರಟಾಗುತ್ತದೆ, ಅದೂ ಎಡಬಲ ಎರಡೂ ಕಡೆ ಒಂದೇ ರೀತಿ. ಭೇದಿ, ಮನಸ್ಸಿನ ಗೊಂದಲ ಜೊತೆಗೂಡಬಹುದು. ಅತಿಯಾಗಿ ಕುಡಿಯುವವರಲ್ಲಿ, ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ನುಂಗುವವರಲ್ಲಿ ಊಟ ತಕ್ಕಮಟ್ಟಿಗಿದ್ದರೂ ಇದು ಬರುವುದುಂಟು. ಅಂಥವರಿಗೆ ಶೇಂಗಾ ಸಾಲದು. ವೈದ್ಯರು ನಿಕೋಟಿನಮೈಡ್ ಮಾತ್ರೆ ಬರೆದುಕೊಡುತ್ತಾರೆ, ಕೆಲವೇ ದಿನಗಳಲ್ಲಿ ಗುಣ ಕಾಣತೊಡಗುತ್ತದೆ.